ಪುಡಿ ಔಷಧವಲ್ಲವೇ?

ಆಡುಮಾತಿನಲ್ಲಿ 'ಔಷಧ' ಎಂದರೆ ಡಾಕ್ಟರು ಬರೆದುಕೊಟ್ಟದ್ದು, ಅಂಗಡಿಯಿಂದ ತಂದದ್ದು. ಡಬ್ಬಿಯಲ್ಲಿರುವ ಮೆಂತ್ಯದ ಪುಡಿ, ರಾತ್ರಿಯ ಇಸಬಗೋಲು, ಊರಿನಿಂದ ಬಂದ ಕಹಿ ಚೂರ್ಣ ಇವೆಲ್ಲ 'ಪುಡಿ' ಅಷ್ಟೇ. ಆದ್ದರಿಂದಲೇ ಪುಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು "ದುಸರಂ ಕಾಹೀ ಔಷಧ ಘೇತಾ ಕಾ?" ಎಂದು ಕೇಳಿದಾಗ, ಧಾರವಾಡದಿಂದ ಬಂದು ಮಗನ ಮನೆಯಲ್ಲಿ ನೆಲೆಸಿದ 64 ವರ್ಷದ ಹೆಂಗಸು "ನಾಹೀ" ಎಂದದ್ದು ಸುಳ್ಳಲ್ಲ. ಅವರ ಭಾಷೆಯಲ್ಲಿ ಅದು ಸರಿಯಾದ ಉತ್ತರವೇ.

ಅವರು ನುಂಗುತ್ತಿದ್ದ ಮಾತ್ರೆಗಳು ಮೂರು. ಥೈರಾಯ್ಡಿಗೆ ಲೆವೊಥೈರಾಕ್ಸಿನ್ 50 ಮೈಕ್ರೊಗ್ರಾಂ, ಸಕ್ಕರೆ ಕಾಯಿಲೆಗೆ ಬೆಳಗಿನ ತಿಂಡಿಯ ಜೊತೆ ಗ್ಲಿಮೆಪಿರೈಡ್, ಎರಡು ಹೊತ್ತು ಊಟದ ಜೊತೆ ಮೆಟ್‌ಫಾರ್ಮಿನ್. ಪುಡಿಗಳು ಎರಡು. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿನಲ್ಲಿ ಎರಡು ಚಮಚ ಇಸಬಗೋಲು. ತಿಂಡಿಗೆ ಮೊದಲು, ತಂಗಿ ಧಾರವಾಡದಿಂದ ಕಳಿಸಿದ ಮೆಂತ್ಯ, ಹಾಗಲಕಾಯಿ, ನೇರಳೆ ಬೀಜದ ಪುಡಿ ಒಂದು ಚಮಚ. ಈ ಎರಡು ಪುಡಿಗಳೂ ಮಾತ್ರೆಗಳ ಕೆಲಸದಲ್ಲಿ ಕೈಹಾಕಬಲ್ಲವು. ಆದರೆ ಹಾಕುವ ರೀತಿ ಬೇರೆ ಬೇರೆ. ಒಂದಕ್ಕೆ ಗಡಿಯಾರ ಸಾಕು, ಇನ್ನೊಂದಕ್ಕೆ ಸಾಲದು.

ಮೊದಲು ಇಸಬಗೋಲಿನ ವಿಷಯ. ನೀರು ಬಿದ್ದರೆ ಅದು ಲೋಳೆಯಂತೆ ಉಬ್ಬುತ್ತದೆ. ಅದರ ಗುಣವೂ ಅದೇ, ತೊಂದರೆಯೂ ಅದೇ. ಆ ಲೋಳೆಯೊಳಗೆ ಸಿಕ್ಕಿಕೊಂಡ ಮಾತ್ರೆಯ ಒಂದಿಷ್ಟು ಭಾಗ ಕರುಳಿನ ಗೋಡೆಯನ್ನು ಮುಟ್ಟದೆ ಹಾಗೆಯೇ ಹೊರಗೆ ಹೋಗಬಹುದು. ಮೈಕ್ರೊಗ್ರಾಂ ಲೆಕ್ಕದಲ್ಲಿ ಕೊಡುವ ಥೈರಾಯ್ಡ್ ಮಾತ್ರೆಗೆ ಸಣ್ಣ ನಷ್ಟವೂ ನಷ್ಟವೇ. ಈ ಹೆಂಗಸು ಇಸಬಗೋಲು ಕುಡಿದ ಲೋಟದಲ್ಲೇ ಇನ್ನಷ್ಟು ನೀರು ಹಾಕಿಕೊಂಡು ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ ಎಂದಿದ್ದರಲ್ಲ, ಹೊಟ್ಟೆ ಖಾಲಿಯೇ ಇದೆ ಎಂಬ ಲೆಕ್ಕ.

ಇದರಲ್ಲಿ ಒಂದು ಸುಳಿ ಇದೆ. ಥೈರಾಯ್ಡ್ ಕಡಿಮೆಯಾದರೆ ಸುಸ್ತು ಬರುತ್ತದೆ, ಮಲಬದ್ಧತೆಯೂ ಬರುತ್ತದೆ. ಮಲಬದ್ಧತೆ ಹೆಚ್ಚಾಯಿತೆಂದು ಇಸಬಗೋಲು ಒಂದು ಚಮಚದಿಂದ ಎರಡಾಯಿತು. ಮಾತ್ರೆ ಮೈಗೆ ಸೇರುವುದು ಇನ್ನೂ ಕಡಿಮೆಯಾಯಿತು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 9 ದಾಟಿತ್ತು. ಪುಡಿಯ ಸಂಗತಿ ಗೊತ್ತಿಲ್ಲದ ಡಾಕ್ಟರು ಮಾತ್ರೆಯನ್ನು 75ಕ್ಕೆ ಏರಿಸಿದರು. ಅವರ ಮುಂದಿದ್ದ ಕಾಗದದ ಪ್ರಕಾರ ಅದು ಸರಿಯಾದ ನಿರ್ಧಾರವೇ ಆಗಿತ್ತು.

ಕಹಿ ಪುಡಿಯ ಸಂಗತಿ ಹೊರಬಿದ್ದದ್ದು ಏಕಾದಶಿಯ ದಿನ. ಉಪವಾಸವೆಂದು ತಿಂಡಿ ಬಿಟ್ಟಿದ್ದರು, ಆದರೆ ಮಾತ್ರೆ ಬಿಡಬಾರದೆಂದು ಗ್ಲಿಮೆಪಿರೈಡ್ ನುಂಗಿದ್ದರು, ಪುಡಿಯನ್ನೂ ಎಂದಿನಂತೆ ಕುಡಿದಿದ್ದರು. ಹನ್ನೊಂದೂವರೆ ಹೊತ್ತಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತಡವರಿಸತೊಡಗಿತು. ಸೊಸೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 58. 70ಕ್ಕಿಂತ ಕೆಳಗೆ ಹೋದರೆ ಕಾಯಬಾರದು. ಆಕೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿದಳು. ಹದಿನೈದು ನಿಮಿಷದ ನಂತರ ನೋಡಿದಾಗ 86. ಆಮೇಲೆ ಉಪವಾಸ ಮುರಿಸಿ ಊಟ ಬಡಿಸಿದಳು. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು.

"ಅತ್ತಿ, ಇವತ್ತ ಮಾತ್ರೆ ಬಿಟ್ಟು ಬ್ಯಾರೆ ಏನರ ತೊಗೊಂಡೀರೇನು?" ಎಂದು ಸೊಸೆ ಕೇಳಿದಳು.

"ಏನಿಲ್ಲವಾ, ದಿನಾ ಕುಡಿಯೋ ಪುಡಿ ಅಷ್ಟ. ಅದೇನು ಔಷಧ ಅಲ್ಲಲ್ಲ."

ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಊಟ ಮಾಡಿದರೂ ಮಾಡದಿದ್ದರೂ. ತಿಂಡಿ ಬಿಟ್ಟು ಅದನ್ನು ನುಂಗಿದ್ದೇ ಆ ದಿನದ ದೊಡ್ಡ ಕಾರಣ. ಮೆಂತ್ಯ, ಹಾಗಲಕಾಯಿಯಂಥವೂ ಸಕ್ಕರೆಯನ್ನು ಸ್ವಲ್ಪ ಇಳಿಸಬಲ್ಲವು. ಎರಡೂ ಕೂಡಿದರೆ ಇಳಿತವೂ ಕೂಡುತ್ತದೆ. ಇಲ್ಲಿ ಗಡಿಯಾರ ನೆರವಿಗೆ ಬರುವುದಿಲ್ಲ. ದಿನಕ್ಕೊಂದು ಸಲ ನುಂಗುವ ಈ ಮಾತ್ರೆಯ ಪರಿಣಾಮ ಸುಮಾರು ಇಡೀ ದಿನ ಇರುತ್ತದೆ. ಪುಡಿಯನ್ನು ಬೆಳಿಗ್ಗೆ ಬಿಟ್ಟು ಸಂಜೆ ಕುಡಿದರೂ ಎರಡೂ ರಕ್ತದಲ್ಲೇ ಸೇರುತ್ತವೆ. ಇಸಬಗೋಲು ಮತ್ತು ಥೈರಾಯ್ಡ್ ಮಾತ್ರೆ ಎದುರಾಗುವುದು ಕರುಳಿನಲ್ಲಿ, ಆದ್ದರಿಂದ ಹೊತ್ತು ಬದಲಿಸಿದರೆ ಅವು ತಪ್ಪಿಸಿಕೊಳ್ಳುತ್ತವೆ. ಕರುಳು ದಾಟಿದ ಮೇಲೆ ಎದುರಾಗುವವುಗಳಿಗೆ ಆ ದಾರಿಯಿಲ್ಲ. ಅವಕ್ಕೆ ಮಾತ್ರೆಯ ಪ್ರಮಾಣವನ್ನೋ ಪುಡಿಯನ್ನೋ ಬದಲಿಸಬೇಕು. ಅದನ್ನು ಡಾಕ್ಟರೇ ಹೇಳಬೇಕು.

ಮರುದಿನ ಸೊಸೆ ಎರಡೂ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಕ್ಲಿನಿಕ್ಕಿಗೆ ಹೋದಳು. 'ಆಯುರ್ವೇದಿಕ್ ಏನೋ ತೊಗೋತಾರೆ' ಎಂದು ಹೇಳಲಿಲ್ಲ. ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದುಕೊಂಡಿದ್ದಳು: ಪುಡಿಯಲ್ಲಿ ಏನೇನಿದೆ, ಎಷ್ಟು ಚಮಚ, ಎಷ್ಟು ಹೊತ್ತಿಗೆ, ಯಾವ ತಿಂಗಳಿಂದ. ನಾಲ್ಕನೆಯದೇ ಡಾಕ್ಟರಿಗೆ ಹೆಚ್ಚು ಕೆಲಸಕ್ಕೆ ಬಂತು. ಇಸಬಗೋಲು ಎರಡು ಚಮಚವಾದ ತಿಂಗಳನ್ನೂ ಟಿಎಸ್‌ಎಚ್ ಏರಿದ ವರದಿಯನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದರು. ಇಸಬಗೋಲೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಬೇರ್ಪಡಿಸಿ ನೋಡೋಣ ಎಂದರು.

ಹೊಸ ವೇಳಾಪಟ್ಟಿ ಹೀಗಾಯಿತು. ಬೆಳಿಗ್ಗೆ 6ಕ್ಕೆ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ. 7ರ ತನಕ ಕಾಫಿಯೂ ಇಲ್ಲ, ಏಕೆಂದರೆ ಕಾಫಿಯೂ ಅದನ್ನು ತಡೆಯಬಲ್ಲದು. ತಿಂಡಿಯ ಜೊತೆ ಸಕ್ಕರೆಯ ಮಾತ್ರೆಗಳು. ರಾತ್ರಿ ಏಳೂವರೆಗೆ ಊಟ, ಮೆಟ್‌ಫಾರ್ಮಿನ್. ಎರಡು ಗಂಟೆ ಬಿಟ್ಟು, ಒಂಬತ್ತೂವರೆಗೆ ತುಂಬಿದ ಲೋಟ ನೀರಿನಲ್ಲಿ ಇಸಬಗೋಲು. ಆ್ಯಸಿಡಿಟಿಗೆಂದು ಶಂಖಭಸ್ಮವಿರುವ ಚೂರ್ಣ ತೆಗೆದುಕೊಳ್ಳುವವರಾದರೆ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡಬೇಕು. ಶಂಖಭಸ್ಮದಲ್ಲಿ ಮುಖ್ಯವಾಗಿರುವುದು ಕ್ಯಾಲ್ಸಿಯಂ, ಕ್ಯಾಲ್ಸಿಯಂ ಮಾತ್ರೆಗೆ ಇರುವ ನಿಯಮವೇ ಅದಕ್ಕೂ. ಕಹಿ ಪುಡಿಯನ್ನು ಡಾಕ್ಟರು ನಿಲ್ಲಿಸಿದರು, ಎರಡು ವಾರ ದಿನಕ್ಕೆರಡು ಸಲ ಸಕ್ಕರೆ ಬರೆದಿಡಲು ಹೇಳಿದರು. ಉಪವಾಸವಿದ್ದರೆ ಮುಂಚಿತವಾಗಿ ಕೇಳಬೇಕು, ಗ್ಲಿಮೆಪಿರೈಡನ್ನು ಏನು ಮಾಡುವುದೆಂದು ತಾವು ಹೇಳುತ್ತೇವೆ ಎಂದೂ ತಿಳಿಸಿದರು.

ಕಥೆ ಇಲ್ಲಿಗೆ ಮುಗಿಯಿತು ಅನ್ನಿಸಬಹುದು, ಮುಗಿದಿಲ್ಲ. ತಡೆ ಹೋದ ಮೇಲೆ 75 ಮೈಕ್ರೊಗ್ರಾಂ ಪೂರ್ತಿಯಾಗಿ ಮೈಗೆ ಸೇರತೊಡಗಿತು. ಈ ಮಾತ್ರೆ ದೇಹದಲ್ಲಿ ನಿಧಾನವಾಗಿ ಬದಲಾಗುತ್ತದೆ, ಆದ್ದರಿಂದ ಪರೀಕ್ಷೆಯನ್ನು ಆರರಿಂದ ಎಂಟು ವಾರ ಕಳೆದ ಮೇಲೆ ಮಾಡಬೇಕು. ಎಂಟನೆಯ ವಾರ ಟಿಎಸ್‌ಎಚ್ 0.2ಕ್ಕೆ ಇಳಿದಿತ್ತು, ಅಂದರೆ ಮಾತ್ರೆ ಹೆಚ್ಚಾಗಿತ್ತು. ಈ ವಯಸ್ಸಿನಲ್ಲಿ ಹೀಗೇ ಬಿಟ್ಟರೆ ಎದೆಬಡಿತ ತಾಳ ತಪ್ಪಬಹುದು, ಮೂಳೆ ಸವೆಯಬಹುದು. ಮಾತ್ರೆ ಮತ್ತೆ 50ಕ್ಕೆ ಬಂತು. ಪುಡಿ ಶುರುಮಾಡಿದಾಗ ಹೇಳಬೇಕಾದಷ್ಟೇ, ನಿಲ್ಲಿಸಿದಾಗಲೂ ಹೊತ್ತು ಬದಲಿಸಿದಾಗಲೂ ಹೇಳಬೇಕೆನ್ನುವುದು ಇದಕ್ಕೇ. ಪುಡಿ ಇದ್ದ ದೇಹಕ್ಕೆ ಅಳೆದ ಮಾತ್ರೆ ಪುಡಿ ಇಲ್ಲದ ದೇಹಕ್ಕೆ ಅದೇ ಅಳತೆಯದಲ್ಲ.

ಈಗ ಅವರ ಫೈಲಿನ ಮೊದಲ ಹಾಳೆಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಇನ್ನೊಂದು ಸಾಲು ಇದೆ: 'ಪುಡಿ, ಕಷಾಯ, ಲೇಹ'. 'ಔಷಧ' ಎಂದು ಬರೆದಿದ್ದರೆ ಆ ಜಾಗ ಖಾಲಿಯೇ ಉಳಿಯುತ್ತಿತ್ತು.