ಈ ‘ಇತರೆ’ ಅಂದ್ರ ಏನ್ರಿ?

ಬೀದರಿನ ಗಾಂಧಿ ಗಂಜದಲ್ಲಿ ನಮ್ಮದೊಂದು ಅಡತಿ ಅಂಗಡಿ ಇದೆ. ತೊಗರಿ, ಹೆಸರು, ಉದ್ದು, ಸೋಯಾ ಇವೇ ನಮ್ಮ ಮಾಲು. ನಾನು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈಗ ಮಧ್ಯಾಹ್ನದ ಹೊತ್ತು ಅಂಗಡಿಯ ಲೆಕ್ಕ ನೋಡುತ್ತೇನೆ. ಗಂಜದಲ್ಲಿ ಕೂತವರ ಕಿವಿಗೆ ಒಂದೇ ಗಳಿಗೆಯಲ್ಲಿ ಮೂರು ಭಾಷೆ ಬೀಳುತ್ತವೆ. ಔರಾದ ಕಡೆಯ ರೈತ ಮರಾಠಿಯಲ್ಲಿ ಭಾವ ಕೇಳುತ್ತಾನೆ. ಹಮಾಲ ದಖನಿ ಉರ್ದುವಿನಲ್ಲಿ ಉತ್ತರ ಕೊಡುತ್ತಾನೆ. ಆಮೇಲೆ ಅದೇ ಹಮಾಲ ನಮ್ಮತ್ತ ತಿರುಗಿ, “ಮಾಲ್ ಹಸಿ ಅದ ರೀ, ಭಾವ ಕಮ್ಮಿ ಆಗ್ತದ” ಅನ್ನುತ್ತಾನೆ. ನಮಗೆ ಇದರಲ್ಲೇನೂ ವಿಶೇಷ ಕಾಣುವುದಿಲ್ಲ. ಭಾಷಾಶಾಸ್ತ್ರ ಓದಿದವರಿಗೆ ಮಾತ್ರ ಇದು ಬಂಗಾರದ ಗಣಿ.

ಎರಡು ವರ್ಷದ ಹಿಂದೆ ತೊಗರಿ ಸುಗ್ಗಿಯಲ್ಲಿ ಅಂಥ ಒಬ್ಬ ಹುಡುಗಿ ಬಂದಳು. ದೂರದ ಒಂದು ವಿಶ್ವವಿದ್ಯಾಲಯದ ಸಂಶೋಧಕಿ. ಮಾತು ಶುರು ಮಾಡಿದ್ದೇ ಕುಪ್ವಾಡದಿಂದ. ಕುಪ್ವಾಡ ಅಂದರೆ ಮಹಾರಾಷ್ಟ್ರದ ಸಾಂಗ್ಲಿ ಹತ್ತಿರದ ಊರು. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಆಡುವವರು ತಲೆಮಾರುಗಳಿಂದ ಒಟ್ಟಿಗೆ ಬದುಕಿದ್ದಾರೆ. ಅಮೆರಿಕದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ವಿದ್ವಾಂಸರು ಅಲ್ಲಿಯ ಮಾತನ್ನು ಅಭ್ಯಾಸ ಮಾಡಿ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆ ಊರಿನ ಭಾಷೆಗಳಲ್ಲಿ ಶಬ್ದ ಬೇರೆ ಇದ್ದರೂ ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿದೆ, ಪದಕ್ಕೆ ಪದ ಇಟ್ಟರೆ ಅನುವಾದ ಮುಗಿಯುತ್ತದೆ ಎಂದು ತೋರಿಸಿದರು. ಅಂದಿನಿಂದ ಕುಪ್ವಾಡದ ಹೆಸರು ಜಗತ್ತಿನ ಪಠ್ಯಪುಸ್ತಕಗಳಿಗೆ ಹೋಯಿತು. ನಮ್ಮ ಗಂಜದ ಮಾತಿನಲ್ಲೂ ಅಂಥದ್ದು ಇದೆಯೇ ಎಂದು ನೋಡುವುದು ಈ ಹುಡುಗಿಯ ಆಸೆ. ಜನರನ್ನು ಪರಿಚಯ ಮಾಡಿಕೊಡಿ ಅಂತ ನನ್ನ ಹತ್ತಿರ ಬಂದಿದ್ದಳು.

ಹುಡುಗಿ ಒಳ್ಳೆಯವಳು. ಅಡ್ಡದಾರಿ ಹಿಡಿಯುವವಳಲ್ಲ. ಅವಳ ಚೀಲದಲ್ಲಿ ಒಪ್ಪಿಗೆ ಪತ್ರಗಳಿದ್ದವು, ಕನ್ನಡದಲ್ಲೇ ಇದ್ದವು. ಆದರೆ ಅದು ನಮ್ಮ ಗಂಜದ ಕನ್ನಡ ಅಲ್ಲ. “ನನ್ನ ಧ್ವನಿಮುದ್ರಣವನ್ನು ಶೈಕ್ಷಣಿಕ ಹಾಗೂ ಇತರೆ ಉದ್ದೇಶಗಳಿಗೆ ಬಳಸಲು ಸ್ವಇಚ್ಛೆಯಿಂದ ಸಮ್ಮತಿಸುತ್ತೇನೆ” ಅಂತ ಒಂದೇ ಸಾಲು, ಕೆಳಗೆ ಸಹಿಗೆ ಜಾಗ. ನಾನು ಅದನ್ನು ಓದಿ ಹೇಳಿದೆ. ನಮ್ಮಲ್ಲಿ ಮೂವತ್ತು ವರ್ಷದಿಂದ ಚೀಲ ಹೊರುವ ಹಿರಿಯ ಹಮಾಲರೊಬ್ಬರು ಕೇಳಿ, ತಲೆ ಕೆರೆದುಕೊಂಡು, “ಅಕ್ಕೋರ, ಈ ಇತರೆ ಅಂದ್ರ ಏನ್ರಿ?” ಅಂದರು.

ನಾವಿಬ್ಬರೂ ಸುಮ್ಮನಾದೆವು. ಇಡೀ ವಿಷಯ ಇರುವುದೇ ಆ ಒಂದು ಶಬ್ದದಲ್ಲಿ.

ಮಾತಾಡಿಸಿ ರೆಕಾರ್ಡ್ ಮಾಡುವುದು ಒಂದು ಕೆಲಸ. ಅದನ್ನು ಬರಹಕ್ಕಿಳಿಸಿ ಪ್ರಬಂಧದಲ್ಲಿ ನಾಲ್ಕು ಸಾಲು ಉದಾಹರಣೆ ಕೊಡುವುದು ಇನ್ನೊಂದು. ಇಡೀ ಧ್ವನಿಯನ್ನು ಭಂಡಾರದಲ್ಲಿ ಇಡುವುದು ಮೂರನೆಯದು. ಆ ಭಂಡಾರವನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆಯುವುದು ನಾಲ್ಕನೆಯದು. ಬೇರೆ ಯಾರೋ ಅದನ್ನು ಇಳಿಸಿಕೊಂಡು, ತಮ್ಮ ಪುಸ್ತಕಕ್ಕೋ ವ್ಯಾಪಾರಕ್ಕೋ ಹಚ್ಚುವುದು ಐದನೆಯದು. ಮೊದಲನೆಯದಕ್ಕೆ ಹೂಂ ಅಂದವರು ಐದನೆಯದಕ್ಕೂ ಹೂಂ ಅಂದಂತೆ ಆಗುವುದಿಲ್ಲ. ಪತ್ರ ಮಾತ್ರ ಐದನ್ನೂ ‘ಇತರೆ’ ಎಂಬ ಒಂದೇ ಚೀಲದಲ್ಲಿ ತುಂಬಿ ಬಾಯಿ ಹೊಲಿದಿತ್ತು.

ಹುಡುಗಿ ಆ ಪತ್ರ ಬಿಟ್ಟು ಐದು ಪ್ರಶ್ನೆ ಬೇರೆ ಬೇರೆ ಬರೆದಳು. ನಾನು ಅವನ್ನು ಗಂಜದ ಮಾತಿಗೆ ಇಳಿಸಿದೆ. ಒಂದೊಂದನ್ನೂ ಕೇಳಿದ ಮೇಲೆ, “ನಾ ಏನ್ ಕೇಳ್ದೆ, ಈಗ ನೀವೇ ಹೇಳ್ರಿ” ಅನ್ನುತ್ತಿದ್ದೆವು. ಶಾಲೆಯಲ್ಲಿ ಮಕ್ಕಳಿಗೆ ಮಾಡುತ್ತಿದ್ದ ಉಪಾಯವೇ ಇದು. ಎಲ್ಲದಕ್ಕೂ ಹೂಂ ಹೂಂ ಅನ್ನುವವರಿಗೆ ತಿಳಿದಿದೆಯೋ, ಇಲ್ಲಾ ಅಂಗಡಿಯವರ ಮುಂದೆ ಬ್ಯಾಡ ಅನ್ನಲಾರದೆ ಅನ್ನುತ್ತಿದ್ದಾರೋ, ಇದರಿಂದ ಗೊತ್ತಾಗುತ್ತದೆ. ಹಮಾಲರಿಗೆ ಕೂಲಿ ಕೊಡುವ ಅಂಗಡಿಯಲ್ಲೇ ಕೂತು ಒಪ್ಪಿಗೆ ಕೇಳಿದರೆ ಅದು ಪೂರಾ ಸ್ವಂತ ಇಚ್ಛೆ ಆಗುವುದಿಲ್ಲ ಅಂತ ನನಗೆ ಅನಿಸಿತು. ಆದ್ದರಿಂದ ಆಮೇಲಿನ ಮಾತುಕತೆ ಅವರವರ ಓಣಿಯಲ್ಲಿ, ಅವರ ಮನೆಯವರ ಎದುರಿಗೆ ನಡೆಯಿತು.

ರೆಕಾರ್ಡ್ ಮಾಡುವ ಮೊದಲು ಸಿಗುವ ಒಪ್ಪಿಗೆ ಅರ್ಧ ಮಾತ್ರ. ತಾನು ಏನು ಹೇಳುತ್ತೇನೆ ಎಂಬುದು ಹೇಳುವವನಿಗೇ ಆಗ ಗೊತ್ತಿರುವುದಿಲ್ಲ. ಇದನ್ನು ನನಗೆ ತಿಳಿಸಿದ್ದು ಆ ಹಿರಿಯರ ರೆಕಾರ್ಡು. ಸುಮಾರು ನಲವತ್ತು ನಿಮಿಷ ಮಾತಾಡಿದ್ದರು. ಹಳೆಯ ಗಂಜ, ಎತ್ತಿನ ಗಾಡಿ, ಬರಗಾಲ ಎಲ್ಲ ಬಂತು. ನಡುವೆ ಮಗಳ ಲಗ್ನಕ್ಕೆ ಮಾಡಿದ ಸಾಲದ ಮಾತು ಬಂತು. ಸಾಲ ಕೊಟ್ಟವರು ಬಡ್ಡಿ ಹೆಂಗ ಲೆಕ್ಕ ಹಾಕಿದರು, ಅವರ ತೂಕ ಹೆಂಗ ಇರ್ತಿತ್ತು ಅನ್ನುವಾಗ ಅವರ ದನಿ ಇಳಿಯಿತು. ಭಾಷೆ ಓದುವವರಿಗೆ ಅದೇ ಭಾಗ ಬಹಳ ಬೆಲೆಯದು. ಯಾಕಂದರೆ ಅಲ್ಲಿ ಅವರು ರೆಕಾರ್ಡರ್ ಮರೆತು, ತಮ್ಮ ಸಹಜ ಮಾತಿನಲ್ಲಿ ಮಾತಾಡಿದ್ದರು. ಆದರೆ ಸಾಲ ಕೊಟ್ಟವರು ಇವತ್ತಿಗೂ ಗಂಜದಲ್ಲಿದ್ದಾರೆ, ಹಿರಿಯರ ಮಗ ಅವರ ಹತ್ತಿರವೇ ದುಡಿಯುತ್ತಾನೆ.

“ಹೆಸರು ತೆಗೀತೀನಿ ಆಂಟಿ, ಬರೀ ಒಂದು ನಂಬರ್ ಹಾಕ್ತೀನಿ” ಅಂದಳು ಹುಡುಗಿ. ಹೆಸರು ತೆಗೆದರೆ ಆಯಿತೇ? ಗಾಂಧಿ ಗಂಜದಲ್ಲಿ ಆ ದನಿಯನ್ನು ಕಣ್ಣು ಮುಚ್ಚಿಕೊಂಡು ಗುರುತಿಸುವವರು ನೂರು ಮಂದಿ ಇದ್ದಾರೆ. ದೊಡ್ಡ ಶಹರದ ಸಮೀಕ್ಷೆಗೆ ನಂಬರ್ ಸಾಕಾಗಬಹುದು. ಎಲ್ಲರೂ ಎಲ್ಲರನ್ನೂ ಬಲ್ಲ ಜಾಗದಲ್ಲಿ ದನಿಯೇ ಹೆಸರು.

ಹಾಗಾಗಿ ರೆಕಾರ್ಡು ಮುಗಿದು ವಾರದ ಮೇಲೆ, ಅವರವರ ಮಾತನ್ನು ಅವರವರಿಗೇ ಪೂರಾ ಕೇಳಿಸಿದೆವು. ಹಿರಿಯರು ಸಾಲದ ಮಾತು ಬಂದಾಗ ಕೈ ಎತ್ತಿ, “ಇದು ನಿಮ್ಮ ಓದಿಗೆ ಇರಲಿ. ಬ್ಯಾರೇದವ್ರಿಗೆ ಬ್ಯಾಡ” ಅಂದರು. ಆ ಆರು ನಿಮಿಷ ಬೇರೆ ಕಡತವಾಯಿತು. ಹುಡುಗಿ ಅದನ್ನು ಕೇಳಿ ವ್ಯಾಕರಣದ ಲೆಕ್ಕ ಹಾಕಬಹುದು, ಉದಾಹರಣೆ ಕೊಡುವಂತಿಲ್ಲ, ಭಂಡಾರದಲ್ಲಿ ತೆರೆದಿಡುವಂತಿಲ್ಲ. ಒಳ್ಳೆಯ ಧ್ವನಿ ಭಂಡಾರಗಳಲ್ಲಿ ಇದಕ್ಕೆ ವ್ಯವಸ್ಥೆ ಇರುತ್ತದೆ. ಒಂದು ಕಡತ ಎಲ್ಲರಿಗೂ, ಒಂದು ಕೇಳಿ ಅನುಮತಿ ಪಡೆದವರಿಗೆ, ಒಂದು ಇಷ್ಟು ವರ್ಷ ಯಾರಿಗೂ ಇಲ್ಲ ಅಂತ ಬೇರೆ ಬೇರೆ ಬೀಗ ಹಾಕಬಹುದು.

ಇನ್ನೊಬ್ಬ ತಾಯಿ ಬೀಸುವಾಗಿನ ಹಾಡು ಹೇಳಿದ್ದರು. ಅವರ ಮಾತು ಸರಿ ಉಲ್ಟಾ. “ನನ್ ಹೆಸ್ರು ಯಾಕ ತೆಗೀತಿ ಯವ್ವಾ? ಹಾಡಿದಾಕಿ ನಾ. ನನ್ ಹೆಸ್ರು ದೊಡ್ಡದಾಗಿ ಬರಿ.” ಹೆಸರು ಮುಚ್ಚುವುದೇ ಮರ್ಯಾದೆ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟರೆ ಹಾಡಿದವಳ ಹಕ್ಕು ಕಸಿದಂತೆ ಆಗುತ್ತದೆ. ಒಬ್ಬರಿಗೆ ರಕ್ಷಣೆ ಆದದ್ದು ಇನ್ನೊಬ್ಬರಿಗೆ ಅನ್ಯಾಯ. ಇದನ್ನು ಕೇಳಿಯೇ ತಿಳಿಯಬೇಕು.

ಇನ್ನು ಮಾಲೀಕತ್ವದ ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಧ್ವನಿಮುದ್ರಣದ ಕರ್ತೃ ಅಂದರೆ ಅದನ್ನು ತಯಾರಿಸಿದವರು, ಬಾಯಿ ಬಿಟ್ಟವರಲ್ಲ. ಹಾಡಿದವರಿಗೆ, ಪ್ರದರ್ಶನ ಕೊಟ್ಟವರಿಗೆ ಬೇರೆ ಹಕ್ಕು ಉಂಟು. ಅದು 50 ವರ್ಷ ಇರುತ್ತದೆ. ತಮ್ಮನ್ನು ಪ್ರದರ್ಶಕರೆಂದು ಗುರುತಿಸಬೇಕು ಅಂತ ಕೇಳುವ ಹಕ್ಕೂ ಇದೆ. ಬೀಸುವ ಹಾಡಿನ ತಾಯಿ ಇದರ ಆಸರೆ ಕೇಳಬಹುದು. ಆದರೆ ಕಟ್ಟೆಯ ಮೇಲೆ ಕೂತು ಸಾಲದ ಕಥೆ ಹೇಳಿದವರ ಮಾತು ‘ಪ್ರದರ್ಶನ’ವೇ ಅಂದರೆ ಹೌದು ಅನ್ನುವುದು ಕಷ್ಟ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಒಪ್ಪಿಗೆಯ ಬಗ್ಗೆ ಒಳ್ಳೆಯ ಮಾತಿವೆ. ಒಪ್ಪಿಗೆ ಇಂಥದ್ದಕ್ಕೇ ಎಂದು ಸ್ಪಷ್ಟ ಇರಬೇಕು, ಕೊಟ್ಟಷ್ಟೇ ಸಲೀಸಾಗಿ ವಾಪಸ್ ಪಡೆಯುವಂತಿರಬೇಕು. ಆದರೆ ಅದೇ ಕಾಯ್ದೆ, ಸರ್ಕಾರ ಹೇಳಿದ ಕ್ರಮ ಪಾಲಿಸಿದ ಸಂಶೋಧನೆ ಮತ್ತು ಸಂಗ್ರಹಕ್ಕೆ ವಿನಾಯಿತಿಯನ್ನೂ ಇಟ್ಟಿದೆ. ಕಡೆಗೆ ಆಸರೆ ಉಳಿಯುವುದು ನಮ್ಮ ನಡುವಿನ ಕಾಗದವೊಂದೇ.

ಆ ಕಾಗದ ಸರಿ ಇರದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಸ್ಟ್ಯಾಂಡಿಂಗ್ ರಾಕ್ ಎಂಬ ಬುಡಕಟ್ಟು ಪ್ರದೇಶದ ಕಥೆ ಇದೆ. ಲಕೋಟಾ ಭಾಷೆ ಉಳಿಸಬೇಕೆಂದು ಹೊರಗಿನವರು ಕಟ್ಟಿದ ಒಂದು ಸಂಸ್ಥೆ ಅಲ್ಲಿಯ ಹಿರಿಯರ ಮಾತನ್ನು ವರ್ಷಗಟ್ಟಲೆ ರೆಕಾರ್ಡ್ ಮಾಡಿತು, ನಿಘಂಟು ಮತ್ತು ಪಠ್ಯಪುಸ್ತಕ ತಂದಿತು. ಪುಸ್ತಕಗಳ ಮೇಲೆ ಕೃತಿಸ್ವಾಮ್ಯ ಆ ಸಂಸ್ಥೆಯದು. ತಮ್ಮ ಅಜ್ಜಿ ಕೊಟ್ಟ ಮಾತು ಇರುವ ಪುಸ್ತಕವನ್ನು ತಾವೇ ದುಡ್ಡು ಕೊಟ್ಟು ಕೊಳ್ಳಬೇಕೇ ಅಂತ ಅಲ್ಲಿಯವರು ಕೇಳಿದರು. ಭಾಷೆ ನಮ್ಮದು ಅಂತ ನಾವು ಹೇಳಿಲ್ಲ, ದುರುಪಯೋಗ ಆಗದಿರಲಿ ಅಂತ ಹಕ್ಕು ಇಟ್ಟುಕೊಂಡಿದ್ದೇವೆ ಎಂದು ಸಂಸ್ಥೆ ಹೇಳಿತು. ಆದರೂ 2022ರಲ್ಲಿ ಬುಡಕಟ್ಟಿನ ಮಂಡಳಿ ಆ ಸಂಸ್ಥೆಯನ್ನು ತನ್ನ ನೆಲದಿಂದ ಬಹಿಷ್ಕರಿಸಿತು. ಇಬ್ಬರ ಉದ್ದೇಶವೂ ಭಾಷೆ ಉಳಿಯಲಿ ಅಂತಲೇ ಇತ್ತು. ಧ್ವನಿ ಯಾರ ಬಳಿ ಇರಬೇಕು, ಪ್ರತಿ ಯಾರಿಗೆ ಸಿಗಬೇಕು ಅನ್ನುವುದು ಇಬ್ಬರಿಗೂ ಒಪ್ಪಿಗೆಯಾಗುವಂತೆ ಮೊದಲೇ ತೀರ್ಮಾನ ಆಗಿರಲಿಲ್ಲ.

ಈ ಕಥೆ ಹೇಳಿದ್ದು ಹುಡುಗಿಯೇ. ಅದಕ್ಕೇ ನಮ್ಮ ಕಾಗದದಲ್ಲಿ ಇನ್ನೂ ಮೂರು ಸಾಲು ಸೇರಿದವು. ಮಾತಾಡಿದ ಪ್ರತಿಯೊಬ್ಬರಿಗೂ ಅವರ ಧ್ವನಿಯ ಒಂದು ಪ್ರತಿ ಮನೆಗೆ ಸಿಗಬೇಕು. ಯಾರಾದರೂ ಇದನ್ನು ದುಡ್ಡಿನ ಕೆಲಸಕ್ಕೆ ಕೇಳಿದರೆ ಮತ್ತೆ ಬಂದು ಕೇಳಬೇಕು, ಮಾತಾಡಿದವರು ಇಲ್ಲದಿದ್ದರೆ ಅವರು ಹೆಸರಿಸಿದ ಮಗನನ್ನೋ ಮಗಳನ್ನೋ ಕೇಳಬೇಕು. ಒಪ್ಪಿಗೆ ವಾಪಸ್ ಪಡೆಯಬೇಕಾದರೆ ಪ್ರಬಂಧ ಅಚ್ಚಿಗೆ ಹೋಗುವ ಮೊದಲು ಹೇಳಬೇಕು. ಈ ಕೊನೆಯದನ್ನು ಮುಚ್ಚುಮರೆ ಇಲ್ಲದೆ ಬಿಡಿಸಿ ಹೇಳಿದೆವು. ಅಚ್ಚಾದ ಪುಟ ವಾಪಸ್ ಬರುವುದಿಲ್ಲ. ಇಂಟರ್‌ನೆಟ್ಟಿನಿಂದ ಒಬ್ಬರು ಇಳಿಸಿಕೊಂಡ ಧ್ವನಿಯನ್ನು ಯಾವ ಭಂಡಾರವೂ ಅಳಿಸಲಾರದು. ‘ಯಾವಾಗ ಬೇಕಾದರೂ ಹಿಂಪಡೆಯಬಹುದು’ ಅಂತ ಪತ್ರದಲ್ಲಿ ಬರೆದರೆ ಅದು ಸುಳ್ಳು ಭರವಸೆ.

ಹದಿನಾಲ್ಕು ಮಂದಿ ಮಾತಾಡಿದ್ದರು. ಪೂರಾ ತೆರೆದಿಡಲು ಒಪ್ಪಿದವರು ಐದು ಮಂದಿ. ಇಬ್ಬರು ಕೇಳಿಸಿಕೊಂಡ ಮೇಲೆ ಪೂರಾ ಬ್ಯಾಡ ಅಂದರು. ಉಳಿದವರದು ಕೇಳಿ ಅನುಮತಿ ಪಡೆದವರಿಗೆ ಮಾತ್ರ. ಹುಡುಗಿಗೆ ಬೇಜಾರಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಆ ಇಬ್ಬರ ಕಡತಗಳನ್ನು ಮಾತ್ರ ಅವರ ಎದುರಿಗೇ ಕೂತು ಅಳಿಸಿದಳು. ಹೋದ ಸುಗ್ಗಿಯಲ್ಲಿ ಅವಳು ಮತ್ತೆ ಬಂದಾಗ, ಆ ಇಬ್ಬರಲ್ಲಿ ಒಬ್ಬರು ತಾವಾಗಿಯೇ ಕರೆದು ಕೂಡಿಸಿದರು. “ಆ ಮಾತ್ ಬ್ಯಾಡ. ಬ್ಯಾರೆ ಕಥಿ ಹೇಳ್ತೀನಿ, ಹಚ್ಚು ನಿನ್ ಮಷೀನ್” ಅಂದರು.