ಸೊನ್ನೆ ದೀಪದ ಲೆಕ್ಕ

ಮುಂಬಯಿಯಿಂದ ಚೆನ್ನೈಗೆ ಸಾಗುವ ರೈಲುಮಾರ್ಗವು ಕಲಬುರಗಿಯನ್ನು ದಾಟಿ ಶಹಾಬಾದಿಗೆ, ಅಲ್ಲಿಂದ ವಾಡಿಗೆ ಬರುತ್ತದೆ. ವಾಡಿಯಲ್ಲಿ ಮಾರ್ಗ ಕವಲೊಡೆದು, ಒಂದು ಕವಲು ಚಿತ್ತಾಪುರ ಮತ್ತು ಸೇಡಂ ಊರುಗಳ ಮೇಲೆ ಹಾಯ್ದು ಸಿಕಂದರಾಬಾದಿನತ್ತ ಹೋಗುತ್ತದೆ. ಗಣೇಶನ ಹಬ್ಬದ ದಿನಗಳಲ್ಲಿ ಸಂಜೆಯ ಗಾಡಿಯಲ್ಲಿ ಈ ದಾರಿಯಾಗಿ ಬರುವ ಪ್ರಯಾಣಿಕನಿಗೆ ತೊಗರಿ ಹೊಲಗಳ ಕತ್ತಲೆಯ ನಡುವೆ ಊರು ಬಂತೆಂಬುದನ್ನು ದೀಪದ ಸರಗಳೇ ತಿಳಿಸುತ್ತವೆ. ರೈಲಿಲ್ಲದ ಚಿಂಚೋಳಿಗೆ ಬಸ್ಸಿನಲ್ಲಿ ಹೋಗುವವನು ಕಾಣುವುದೂ ಇದನ್ನೇ. ಫರಶಿ ಕಲ್ಲಿನ ಹಳೆಯ ಮನೆಯಾಗಲಿ, ಹೊಸ ಸಿಮೆಂಟಿನ ಮಾಳಿಗೆಯಾಗಲಿ, ಅಂಚಿನಿಂದ ಅಂಚಿಗೆ ಕೆಂಪು, ಹಸಿರು, ಹಳದಿ ದೀಪಗಳು ತೂಗಾಡುತ್ತಿರುತ್ತವೆ.

ದೂರದಿಂದ ನೋಡುವವನಿಗೆ ಈ ಸರಗಳೆಲ್ಲ ಒಂದೇ. ಆದರೆ ಮನೆಯ ಮೀಟರು ಅವುಗಳನ್ನು ಬೇರೆ ಬೇರೆಯಾಗಿಯೇ ಕಾಣುತ್ತದೆ. ಕೆಲವು ಸರಗಳಲ್ಲಿ ಹಳೆಯ ತಂತಿಯ ಬಲ್ಬುಗಳಿವೆ; ಕೆಲವುಗಳಲ್ಲಿ ಎಲ್.ಇ.ಡಿ. ಬಲ್ಬುಗಳಿವೆ. ತಂತಿಯ ಬಲ್ಬುಗಳಲ್ಲಿ ಬಹುಕಾಲ ಜನಪ್ರಿಯವಾಗಿದ್ದುದು ‘ಝೀರೋ ಬಲ್ಬು’. ಹೆಸರಿನಲ್ಲಿಯೇ ಸೊನ್ನೆ ಇರುವುದರಿಂದ ಅದರ ಖರ್ಚೂ ಸೊನ್ನೆಯೆಂಬ ನಂಬಿಕೆ ಮನೆಮನೆಯಲ್ಲಿ ಬೇರೂರಿತು. “ಝೀರೋ ಬಲ್ಬ್ ಅದ, ಅದಕ್ಕೇನು ಕರೆಂಟ್ ಹತ್ತತದ?” ಎಂದು ಹಿರಿಯರು ಹೇಳಿದರೆ ಕಿರಿಯರು ಮರುಮಾತಾಡುತ್ತಿರಲಿಲ್ಲ.

ಈ ನಂಬಿಕೆಗೆ ಒಂದು ಕಾರಣವೂ ಇತ್ತು. ಹಳೆಯ ಮೀಟರಿನಲ್ಲಿ ಒಂದು ಲೋಹದ ಬಿಲ್ಲೆ ತಿರುಗುತ್ತಿತ್ತು. ಮನೆಯಲ್ಲಿ ಒಂದೇ ಒಂದು ಝೀರೋ ಬಲ್ಬು ಉರಿಯುವಾಗ ಆ ಬಿಲ್ಲೆಯ ಚಲನೆ ಎಷ್ಟು ಮಂದವಾಗಿರುತ್ತಿತ್ತೆಂದರೆ, ನಿಂತು ನೋಡುವವನಿಗೆ ಅದು ತಿರುಗುತ್ತಿದೆಯೆಂದೇ ತೋರುತ್ತಿರಲಿಲ್ಲ. ವಾಸ್ತವದಲ್ಲಿ ಝೀರೋ ಬಲ್ಬು ಸುಮಾರು 15 ವಾಟ್ ವಿದ್ಯುತ್ತನ್ನು ಬಳಸುತ್ತದೆ. ಮಲಗುವ ಕೋಣೆಯಲ್ಲಿ ಒಂದು ಬಲ್ಬು ಇದ್ದಾಗ ಇದು ಗಮನಕ್ಕೆ ಬಾರದ ಮಾತು. ಹಬ್ಬದ ಸರದಲ್ಲಿ ನಲವತ್ತು ಬಲ್ಬುಗಳು ಒಟ್ಟಿಗೆ ಉರಿದಾಗ ಹಾಗಲ್ಲ.

ಸೇಡಂನ ಒಂದು ಮನೆಯನ್ನು ಊಹಿಸಿಕೊಂಡು ಲೆಕ್ಕ ಹಾಕಬಹುದು. ಆ ಮನೆಯವರು ಗಣಪತಿಯನ್ನು ಏಳು ದಿನ ಕೂಡಿಸುತ್ತಾರೆ. ಮಾಳಿಗೆಯ ಅಂಚಿಗೆ ನಲವತ್ತು ಝೀರೋ ಬಲ್ಬುಗಳ ಸರ ಕಟ್ಟಿದ್ದಾರೆ. ಬಲ್ಬೊಂದಕ್ಕೆ 15 ವಾಟ್‌ನಂತೆ ಸರವು 600 ವಾಟ್ ಬಳಸುತ್ತದೆ. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ದಿನಕ್ಕೆ 5 ಗಂಟೆ ಉರಿಸಿದರೆ ಏಳು ದಿನಗಳಲ್ಲಿ 35 ಗಂಟೆಗಳಾಗುತ್ತವೆ. 1000 ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಆದುದರಿಂದ 600ನ್ನು 35ರಿಂದ ಗುಣಿಸಿ 1000ದಿಂದ ಭಾಗಿಸಿದರೆ 21 ಯೂನಿಟ್ ಬರುತ್ತದೆ. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ವಾರದ ಖರ್ಚು 126 ರೂಪಾಯಿ.

ಅದೇ ಸರದ ಅದೇ ಹೋಲ್ಡರುಗಳಿಗೆ ಅರ್ಧ ವಾಟ್‌ನ ಎಲ್.ಇ.ಡಿ. ಬಲ್ಬುಗಳನ್ನು ಸಿಕ್ಕಿಸಿದರೆ ಇಡೀ ಸರಕ್ಕೆ 20 ವಾಟ್ ಸಾಕು. 35 ಗಂಟೆಗಳಲ್ಲಿ ಅದು ಬಳಸುವುದು ಮುಕ್ಕಾಲು ಯೂನಿಟ್ಟಿಗೂ ಕಡಿಮೆ, ಅಂದರೆ 0.7 ಯೂನಿಟ್. ಅದರ ಬೆಲೆ 4 ರೂಪಾಯಿ 20 ಪೈಸೆ.

ಇಷ್ಟು ದೊಡ್ಡ ಅಂತರ ಹೇಗೆ ಬಂದಿತು? ಝೀರೋ ಬಲ್ಬಿನೊಳಗೆ ಟಂಗ್‌ಸ್ಟನ್ ಲೋಹದ ಸಣ್ಣ ತಂತಿಯಿದೆ. ಅದು ಕಾದು ಬಿಳುಪೇರಿದಾಗ ಬೆಳಕು ಹೊಮ್ಮುತ್ತದೆ. ಒಳಹೊಕ್ಕ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ಹುಟ್ಟಿದ ಅಲ್ಪ ಬೆಳಕಿನಲ್ಲಿಯೂ ಎಲ್ಲ ಬಣ್ಣಗಳು ಬೆರೆತಿರುತ್ತವೆ. ಹಸಿರು ದೀಪ ಬೇಕಾದರೆ ಗಾಜಿಗೆ ಹಸಿರು ಬಣ್ಣ ಬಳಿಯಬೇಕು. ಆ ಬಣ್ಣವು ಹಸಿರನ್ನು ಮಾತ್ರ ಹೊರಬಿಟ್ಟು ಉಳಿದುದನ್ನು ತಡೆದುಬಿಡುತ್ತದೆ. ಎಲ್.ಇ.ಡಿ.ಯಲ್ಲಿ ಕಾಯುವ ತಂತಿಯಿಲ್ಲ. ಅದರ ಅರೆವಾಹಕ ಹರಳು ತನಗೆ ಗೊತ್ತುಪಡಿಸಿದ ಬಣ್ಣವನ್ನೇ ನೇರವಾಗಿ ಹೊಮ್ಮಿಸುತ್ತದೆ. ಕೆಂಪು ಮತ್ತು ಹಸಿರು ಹರಳುಗಳು ಮೊದಲೇ ಇದ್ದವು. ಪ್ರಖರವಾದ ನೀಲಿ ಮಾತ್ರ ಬಹುಕಾಲ ಕೈಗೆ ಸಿಕ್ಕಿರಲಿಲ್ಲ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ ಮತ್ತು ನಕಮುರಾ ಎಂಬ ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಕಾಗದದ ಮೇಲಿನ ಲೆಕ್ಕವನ್ನು ನಂಬದವರು ಮೀಟರನ್ನೇ ಕೇಳಬಹುದು. ಈಗಿನ ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುವುದೆಂಬ ಸಂಖ್ಯೆಯೂ ಅಲ್ಲಿಯೇ ಅಚ್ಚಾಗಿರುತ್ತದೆ. ಆ ಸಂಖ್ಯೆ 3200 ಎಂದಿಟ್ಟುಕೊಂಡರೆ, ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ ಝೀರೋ ಬಲ್ಬಿನ ಸರವನ್ನು ಮಾತ್ರ ಹಚ್ಚಿದಾಗ ಅದು ನಿಮಿಷಕ್ಕೆ 32 ಸಲ ಮಿನುಗುತ್ತದೆ. ಎಲ್.ಇ.ಡಿ. ಸರ ಹಚ್ಚಿದಾಗ ನಿಮಿಷಕ್ಕೆ ಒಂದು ಸಲ ಮಿನುಗಿದರೆ ಹೆಚ್ಚು. ಎಲ್.ಇ.ಡಿ. ಎಂದು ಹೇಳಿ ಮಾರಿದ ಸರವು ನಿಜಕ್ಕೂ ಕಡಿಮೆ ಬಳಸುವುದೋ ಇಲ್ಲವೋ ಎಂಬುದನ್ನು ಅರಿಯಲು ಇದಕ್ಕಿಂತ ಸುಲಭವಾದ ಪರೀಕ್ಷೆಯಿಲ್ಲ.

126 ರೂಪಾಯಿ ಹಬ್ಬಕ್ಕೆ ಭಾರವೇ ಎಂದು ಯಾರಾದರೂ ಕೇಳಬಹುದು. ಭಾರವು ಆ 21 ಯೂನಿಟ್ಟುಗಳು ಎಲ್ಲಿಗೆ ಹೋಗಿ ಸೇರುತ್ತವೆ ಎಂಬುದನ್ನು ಅವಲಂಬಿಸಿದೆ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆಗೊಂಡ ಗೃಹಜ್ಯೋತಿ ಯೋಜನೆಯಲ್ಲಿ, 2022-23ನೇ ಸಾಲಿನ ತಿಂಗಳ ಸರಾಸರಿ ಬಳಕೆಗೆ ಶೇಕಡ 10ರಷ್ಟು ಸೇರಿಸಿ ಪ್ರತಿ ಮನೆಗೆ ಉಚಿತ ಯೂನಿಟ್ಟುಗಳನ್ನು ಗೊತ್ತುಮಾಡಲಾಯಿತು. ಆ ಮಿತಿಯನ್ನು ಮೀರಿದರೆ ಹೆಚ್ಚಾದ ಯೂನಿಟ್ಟುಗಳಿಗೆ ಹಣ ಕೊಡಬೇಕು. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನೇ ಕೊಡಬೇಕು.

ನಮೂದಿಸಿದ ಸೇಡಂನ ಮನೆಯ ಸರಾಸರಿ 175 ಯೂನಿಟ್ ಆಗಿತ್ತೆಂದರೆ ಅದರ ಉಚಿತ ಮಿತಿ ಸುಮಾರು 192. ಹಬ್ಬದ ತಿಂಗಳಲ್ಲಿ ಸರದ ಹೊರತಾಗಿ 180 ಯೂನಿಟ್ ಖರ್ಚಾಗಿದೆಯೆಂದು ಭಾವಿಸಬಹುದು. ಎಲ್.ಇ.ಡಿ. ಸರ ಕಟ್ಟಿದ್ದರೆ ಒಟ್ಟು 180.7, ಬಿಲ್ಲು ಸೊನ್ನೆ. ಝೀರೋ ಬಲ್ಬು ಕಟ್ಟಿದ್ದರೆ ಒಟ್ಟು 201. ಒಂದೇ ಒಂದು ಯೂನಿಟ್ ಗೆರೆ ದಾಟಿದ್ದಕ್ಕೆ 201 ಯೂನಿಟ್ಟಿಗೂ ಬೆಲೆ ತೆರಬೇಕು. ಅದು 1206 ರೂಪಾಯಿ. ನಿಗದಿತ ಶುಲ್ಕ ಮತ್ತು ತೆರಿಗೆ ಬೇರೆ. ಸೊನ್ನೆಯೆಂದು ನಂಬಿದ ಬಲ್ಬು ಸೊನ್ನೆಯಾಗಬಹುದಾಗಿದ್ದ ಬಿಲ್ಲನ್ನು ಸಾವಿರ ದಾಟಿಸಿತು!

ಹಾಗೆಂದು ಎಲ್ಲ ಮನೆಗಳೂ ಇಂದೇ ಹಳೆಯ ಬಲ್ಬುಗಳನ್ನು ಬಿಸಾಡಬೇಕೆಂದಲ್ಲ. ನಲವತ್ತು ಎಲ್.ಇ.ಡಿ. ಬಲ್ಬುಗಳಿಗೆ 800 ರೂಪಾಯಿ ಕೊಟ್ಟರೆ, ವಾರಕ್ಕೆ 122 ರೂಪಾಯಿ ಉಳಿತಾಯದಂತೆ ಆ ಹಣ ಮರಳಲು ಏಳು ಹಬ್ಬಗಳು ಬೇಕು. ವರ್ಷದಲ್ಲಿ ಗಣೇಶ ಚೌತಿ, ದಸರಾ, ದೀಪಾವಳಿಗಳೆಂದು ಮೂರು ವಾರ ಸರ ಕಟ್ಟುವ ಮನೆಗೆ ಎರಡು ವರ್ಷಗಳ ಮೇಲೆ ಕೆಲವು ತಿಂಗಳು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಎರಡು ಸಂಜೆ ಮಾತ್ರ ದೀಪ ಹಚ್ಚುವ ಮನೆಗೆ ಅವಸರವಿಲ್ಲ. ಹಳೆಯ ಬಲ್ಬು ಕೆಟ್ಟಂತೆಲ್ಲ ಒಂದೊಂದನ್ನೇ ಬದಲಿಸಿದರೂ ನಡೆಯುತ್ತದೆ. ಆದರೆ ರಾತ್ರಿಯಿಡೀ ದೀಪ ಆರಿಸದ ಮನೆಯ ಲೆಕ್ಕ ಬೇರೆ. ಅಲ್ಲಿ ದಿನಕ್ಕೆ 12 ಗಂಟೆಯಂತೆ ವಾರಕ್ಕೆ 84 ಗಂಟೆ ಉರಿದು ಝೀರೋ ಬಲ್ಬಿನ ಸರ 50 ಯೂನಿಟ್ಟನ್ನು ನುಂಗುತ್ತದೆ, ಎಲ್.ಇ.ಡಿ. ಸರಕ್ಕೆ ಎರಡು ಯೂನಿಟ್ಟೂ ಬೇಕಿಲ್ಲ. ಬಲ್ಬುಗಳನ್ನು ಮೊದಲು ಬದಲಿಸಬೇಕಾದುದು ಅಂಥ ಮನೆಯಲ್ಲಿ.