ಮೂರನೆಯ ದಿನದ ಜೋಮು

ಥೈರಾಯ್ಡ್ ಗಡ್ಡೆ ತೆಗೆಸಿಕೊಂಡವರು ಒಂದು ಕಾಲಕ್ಕೆ ಹೊಲಿಗೆ ಬಿಚ್ಚುವವರೆಗೂ ಮೈಸೂರಿನ ದೊಡ್ಡಾಸ್ಪತ್ರೆಯಲ್ಲೇ ಇರುತ್ತಿದ್ದರು. ಚಾಮರಾಜನಗರ, ಗುಂಡ್ಲುಪೇಟೆ ಇನ್ನೂ ಮೈಸೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದ ದಿನಗಳವು. ಊರಿನಿಂದ ಹೋದವರು ಒಂದು ವಾರ, ಹತ್ತು ದಿನ ವಾರ್ಡಿನಲ್ಲೇ ಕಳೆದು, ಕತ್ತಿನ ಸುತ್ತ ಮಾಸಿದ ಗೆರೆಯೊಂದನ್ನು ಹೊತ್ತು ವಾಪಸ್ ಬರುತ್ತಿದ್ದರು. ಅಷ್ಟರಲ್ಲಿ ಆಗಬೇಕಾದ ತೊಂದರೆಗಳೆಲ್ಲ ಅಲ್ಲೇ ಆಗಿ, ಅಲ್ಲೇ ಮುಗಿದಿರುತ್ತಿದ್ದವು. ಈಗ ಎರಡನೆಯ ದಿನವೋ ಮೂರನೆಯ ದಿನವೋ ಮನೆಗೆ ಕಳಿಸುತ್ತಾರೆ. ಕಳಿಸುವುದು ತಪ್ಪಲ್ಲ, ಹಾಸಿಗೆ ಕಮ್ಮಿ, ರೋಗಿಗೂ ಮನೆಯೇ ಹಿತ. ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಅತಿ ಕೆಳಗೆ ಇಳಿಯುವುದು ಆಪರೇಷನ್ ಆದ ಎರಡು–ಮೂರನೆಯ ದಿನಕ್ಕೆ. ಆ ಹೊತ್ತಿಗೆ ರೋಗಿ ಗುಂಡ್ಲುಪೇಟೆ ಬಸ್ಸಿನಲ್ಲಿರುತ್ತಾಳೆ, ಇಲ್ಲವೇ ತೆರಕಣಾಂಬಿಯ ಕಡೆ ತನ್ನ ಮನೆಯ ಜಗಲಿಯ ಮೇಲೆ. ನನ್ನ ನರ್ಸಿಂಗ್ ಬದುಕಿನಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಇದೇ. ಮೈಸೂರಿನ ವಾರ್ಡಿನ ಸಿಸ್ಟರಿಗೆ ಗೊತ್ತಿದ್ದರೆ ಸಾಕಾಗಿದ್ದ ಸಂಗತಿಯನ್ನು ಇವತ್ತು ನಮ್ಮ ತಾಲ್ಲೂಕಿನ ಸಿಸ್ಟರೂ ತಿಳಿದಿರಬೇಕು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಲ್ಲಿ ಟಿಎಸ್‌ಎಚ್ ಪರೀಕ್ಷೆ ಇರಲಿಲ್ಲ. ರಕ್ತ ಮೈಸೂರಿಗೆ ಹೋಗಬೇಕಿತ್ತು, ಫಲಿತಾಂಶ ಬರುವಷ್ಟರಲ್ಲಿ ದಿನಗಳೇ ಕಳೆಯುತ್ತಿದ್ದವು. ಹಾಗಾಗಿ ಹಿರಿಯ ಡಾಕ್ಟರು ನಮಗೆ ಕಣ್ಣಲ್ಲಿ, ಕೈಯಲ್ಲಿ ಓದುವುದನ್ನು ಕಲಿಸಿದರು. ಒಪಿಡಿಯ ಒಂದೇ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿರುತ್ತಿದ್ದರು. ಒಬ್ಬಾಕೆಗೆ ಚಳಿಗಾಲದಲ್ಲೂ ಸೆಖೆ, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾಳೆ, ಅಂಗೈ ಬಿಸಿಯಾಗಿ ಒದ್ದೆ. ಕೈ ಮುಂದೆ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಟ್ಟರೆ ಹಾಳೆಯ ಅಂಚು ನಡುಗುತ್ತದೆ. "ಎರಡು ಮುದ್ದೆ ಉಣ್ತೀನಿ ಕಣವ್ವ, ಆದ್ರೂ ರವಿಕೆ ಸಡಿಲಾಯ್ತಾ ಅದ" ಅನ್ನುತ್ತಾಳೆ. ಹಸಿವು ಚೆನ್ನಾಗಿದ್ದೂ ತೂಕ ಇಳಿಯುವುದು, ದಿನಕ್ಕೆ ಮೂರು ನಾಲ್ಕು ಸಲ ಹೊರಗೆ ಹೋಗುವುದು, ಮುಟ್ಟಿನ ಸ್ರಾವ ಕಮ್ಮಿಯಾಗುವುದು, ಎದೆ ಡವಗುಟ್ಟುವುದು, ಇವೆಲ್ಲ ಥೈರಾಯ್ಡ್ ಹೆಚ್ಚು ಕೆಲಸ ಮಾಡುವುದರ ಗುರುತು. ಕಣ್ಣು ಹೊರಚಾಚಿದ್ದರೆ ಗ್ರೇವ್ಸ್ ಕಾಯಿಲೆಯ ಅನುಮಾನ ಗಟ್ಟಿಯಾಗುತ್ತಿತ್ತು.

ಪಕ್ಕದಲ್ಲಿ ಕೂತವಳು ಇದಕ್ಕೆ ವಿರುದ್ಧ. ಬಿಸಿಲಲ್ಲೂ ಟವೆಲ್ ಹೊದ್ದಿದ್ದಾಳೆ, ಮುಖ ಊದಿದೆ, ಚರ್ಮ ಒಣಗಿದೆ, ಹುಬ್ಬಿನ ಹೊರತುದಿಯ ಕೂದಲು ಉದುರಿದೆ. ಉಣ್ಣುವುದು ಕಮ್ಮಿ, ತೂಕ ಜಾಸ್ತಿ. ಮಲಬದ್ಧತೆ ಇದೆ, ಮುಟ್ಟು ಜೋರು. ಹೆಸರು ಕೇಳಿದರೆ ಉತ್ತರ ತಡವಾಗಿ, ದಪ್ಪ ದನಿಯಲ್ಲಿ ಬರುತ್ತದೆ. ನಾಡಿ ನಿಮಿಷಕ್ಕೆ ಅರವತ್ತರ ಕೆಳಗೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟಿದರೆ ಪಾದ ಚಟ್ಟನೆ ಇಳಿದು ನಿಧಾನಕ್ಕೆ ಹಿಂದಕ್ಕೆ ಹೋಗುತ್ತದೆ. ನನಗೆ ಹೊಟ್ಟೆ ಉರಿಯುತ್ತಿದ್ದುದು ಈ ಎರಡನೆಯವಳ ವಿಷಯಕ್ಕೆ. ಮನೆಯವರು ಅವಳನ್ನು ಸೋಮಾರಿ ಎಂದು ಬಯ್ಯುತ್ತ ವರ್ಷಗಟ್ಟಲೆ ಕಳೆದಿರುತ್ತಿದ್ದರು. ಮೊದಲನೆಯವಳಿಗೆ ಕ್ಷಯವಿದೆಯೆಂದು ಕಫ ಪರೀಕ್ಷೆಯಾದರೂ ಆಗಿರುತ್ತಿತ್ತು. ಮೋಸ ಹೋಗುವುದು ಮುದುಕರ ವಿಷಯದಲ್ಲಿ. ಅವರಿಗೆ ಥೈರಾಯ್ಡ್ ಹೆಚ್ಚಾದರೂ ನಡುಕ, ಚಡಪಡಿಕೆ ಏನೂ ಕಾಣದೆ ಬರೀ ನಿತ್ರಾಣ ಮತ್ತು ತಾಳ ತಪ್ಪಿದ ನಾಡಿ ಮಾತ್ರ ಇರಬಹುದು. ಕತ್ತಿನ ಗಡ್ಡೆಯ ಗಾತ್ರವೂ ಏನನ್ನೂ ಹೇಳುವುದಿಲ್ಲ. ಜಾಸ್ತಿಯಾದವರಿಗೂ ಗಡ್ಡೆ ಇರಬಹುದು, ಕಮ್ಮಿಯಾದವರಿಗೂ ಇರಬಹುದು, ಎಲ್ಲ ಸರಿಯಿದ್ದವರಿಗೂ ಇರಬಹುದು.

ಥೈರಾಯ್ಡ್ ಹೆಚ್ಚಿದ್ದವರನ್ನು ನೇರವಾಗಿ ಆಪರೇಷನ್ ಟೇಬಲ್ಲಿಗೆ ಕಳಿಸುವ ಹಾಗಿಲ್ಲ. ಮೊದಲು ವಾರಗಟ್ಟಲೆ ಕಾರ್ಬಿಮಜೋಲ್ ಕೊಟ್ಟು ಹಾರ್ಮೋನನ್ನು ಹದಕ್ಕೆ ತರಬೇಕು, ಪ್ರೊಪ್ರನೊಲಾಲ್ ಕೊಟ್ಟು ನಾಡಿಯನ್ನು ಹಿಡಿಯಬೇಕು. ಇಲ್ಲದಿದ್ದರೆ ಆಪರೇಷನ್ನಿನ ಒತ್ತಡಕ್ಕೆ ಜ್ವರ ಏರಿ, ನಾಡಿ ಓಡಿ, ಬುದ್ಧಿ ಕಲಸಿ ಜೀವಕ್ಕೇ ಬರಬಹುದು. ನಾವು ರಾತ್ರಿ ಪಾಳಿಯಲ್ಲಿ ರೋಗಿ ನಿದ್ದೆಹೋದ ಮೇಲೆ ನಾಡಿ ಎಣಿಸಿ ಬರೆಯುತ್ತಿದ್ದೆವು. ಎಚ್ಚರವಿದ್ದಾಗ ನಾಡಿ ಭಯಕ್ಕೂ ಓಡುತ್ತದೆ. ನಿದ್ದೆಯಲ್ಲೂ ಓಡುತ್ತಿದ್ದರೆ ಅದು ಥೈರಾಯ್ಡಿನದೇ ಇರಬಹುದೆಂದು ಡಾಕ್ಟರಿಗೆ ಹೇಳುತ್ತಿದ್ದೆವು. ಕಾರ್ಬಿಮಜೋಲ್ ತಿನ್ನುವವರಿಗೆ ಗಂಟಲು ನೋವಿನ ಜೊತೆ ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಬರಬೇಕು, ರಕ್ತದ ಬಿಳಿಕಣ ಕುಸಿದಿರಬಹುದು. ಈ ಮಾತನ್ನು ನಾನು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳಿಸಿ ಒಪ್ಪಿಸಿಕೊಳ್ಳುತ್ತಿದ್ದೆ.

ಆಪರೇಷನ್ ಆದ ಮೊದಲ ರಾತ್ರಿಯ ಭಯ ರಕ್ತದ್ದು. ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಕತ್ತಿನೊಳಗೆ ರಕ್ತ ಶೇಖರವಾಗುತ್ತದೆ. ಹೆಚ್ಚಿನವು ಮೊದಲ ಇಪ್ಪತ್ನಾಲ್ಕು ಗಂಟೆಯೊಳಗೆ, ಅದರಲ್ಲೂ ಸುಮಾರು ಅರ್ಧ ಮೊದಲ ಆರು ಗಂಟೆಯಲ್ಲೇ. ತಲೆದಿಂಬು ಎತ್ತರಿಸಿ ಅರ್ಧ ಕೂತಂತೆ ಮಲಗಿಸುತ್ತೇವೆ. ಬ್ಯಾಂಡೇಜಿನ ಮುಂಭಾಗ ಒಣಗಿದೆಯೆಂದು ನಂಬಬಾರದು, ರಕ್ತ ಹಿಂದಕ್ಕೆ ಹರಿದು ಬೆನ್ನಡಿ ಸೇರುತ್ತದೆ, ಕತ್ತಿನ ಹಿಂದೆ ಕೈ ತೂರಿಸಿ ನೋಡಬೇಕು. ಡ್ರೈನಿನ ಬಾಟಲಿ ಖಾಲಿಯಿದೆ ಎಂಬುದೂ ಸಮಾಧಾನವಲ್ಲ, ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿ ಕಟ್ಟಿಕೊಂಡಿರಬಹುದು. ರೋಗಿ ಮೊದಲು ಹೇಳುವುದು "ಕತ್ತು ಬಿಗಿತದ" ಎಂದು. ಆಮೇಲೆ ಚಡಪಡಿಕೆ. ಎಂಜಲು ನುಂಗಲಾರಳು, ಮಲಗಲಾರಳು, ಎದ್ದು ಕೂರುತ್ತಾಳೆ. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಆಮ್ಲಜನಕ ಇಳಿಯುವುದು ಎಲ್ಲಕ್ಕಿಂತ ಕೊನೆಗೆ. ಅದನ್ನು ನೋಡುತ್ತ ಕೂತವರು ತಡಮಾಡಿದರೆಂದೇ ಅರ್ಥ. ಒಳಗೆ ಕಟ್ಟಿದ ರಕ್ತ ಸಿರೆಗಳನ್ನು ಒತ್ತಿ ಗಂಟಲಗೂಡೇ ಊದಿಕೊಳ್ಳುತ್ತದೆ, ಹೀಗಾಗಿ ಉಸಿರಿನ ಕೊಳವೆ ಹಾಕುವುದೂ ಕಷ್ಟವಾಗುತ್ತದೆ. ಆಗ ಮಾಡಬೇಕಾದದ್ದು ಹೊಲಿಗೆ ಕತ್ತರಿಸಿ, ಚರ್ಮ ಬಿಡಿಸಿ, ಒಳಗಿನ ಸ್ನಾಯುವಿನ ಪದರ ತೆರೆದು ರಕ್ತ ಹೊರಬಿಡುವುದು, ಹಾಸಿಗೆಯ ಮೇಲೇ. ಅದಕ್ಕೇ ಕತ್ತರಿ, ಬ್ಲೇಡು, ಆರ್ಟರಿ ಫೋರ್ಸೆಪ್ಸ್ ಇರುವ ಟ್ರೇ, ಪಕ್ಕದಲ್ಲಿ ಟ್ರೇಕಿಯಾಸ್ಟಮಿ ಸೆಟ್, ಆಮ್ಲಜನಕ, ಸಕ್ಷನ್. ಬ್ರಿಟನ್ನಿನ ತಜ್ಞರ ಸಂಘಗಳು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಸರ್ಜನ್‌ಗಾಗಿ ಕಾಯದೆ ತರಬೇತಿ ಪಡೆದ ಸಿಬ್ಬಂದಿಯೇ ಇದನ್ನು ಮಾಡಬೇಕೆನ್ನುತ್ತದೆ. ನಮ್ಮ ಕಾಲದಲ್ಲಿ ಟ್ರೇ ಇಡುವುದಷ್ಟೇ ನಮ್ಮದಾಗಿತ್ತು. ಕೈ ಹಾಕುವುದನ್ನೂ ಕಲಿಸಬೇಕು ಎಂದು ನಾನೂ ಒಪ್ಪುತ್ತೇನೆ.

ಎಚ್ಚರವಾದ ಕೂಡಲೇ ಹೆಸರು ಹೇಳಿಸುತ್ತೇವೆ. ದನಿ ಗೊಗ್ಗರಾಗಿದ್ದರೆ ಕೊಳವೆ ಹಾಕಿದ್ದರಿಂದಲೂ ಇರಬಹುದು, ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗಿರಲೂಬಹುದು. ಉಸಿರೆಳೆಯುವಾಗ ಕೀರಲು ಸದ್ದು ಬಂದರೆ ಮಾತ್ರ ಒಂದು ಕ್ಷಣವೂ ಕಾಯುವಂತಿಲ್ಲ.

ಇನ್ನು ಆ ಮೂರನೆಯ ದಿನ. ಥೈರಾಯ್ಡಿನ ಬೆನ್ನಿಗೆ ಬೇಳೆಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಅಂಟಿಕೊಂಡಿರುತ್ತವೆ. ರಕ್ತದ ಕ್ಯಾಲ್ಸಿಯಂ ಕಾಯುವವು ಅವೇ. ಥೈರಾಯ್ಡಿಗೆ ಬರುವ ರಕ್ತನಾಳವೇ ಅವಕ್ಕೂ ಬರುವುದರಿಂದ ಎಷ್ಟು ಜೋಪಾನ ಮಾಡಿದರೂ ಕೆಲವು ದಿನ ಅವು ಮಂಕಾಗುತ್ತವೆ. ಥೈರಾಯ್ಡ್ ಹೆಚ್ಚಿದ್ದವರಿಗೆ ಇನ್ನೊಂದು ಕಷ್ಟ. ಕಾಯಿಲೆ ಇದ್ದಷ್ಟು ಕಾಲ ಸವೆದಿದ್ದ ಮೂಳೆ ಈಗ ರಕ್ತದ ಕ್ಯಾಲ್ಸಿಯಮ್ಮನ್ನು ಎಳೆದುಕೊಳ್ಳಲು ಶುರುಮಾಡುತ್ತದೆ.

ಒಂದು ಸಂಜೆ ತೆರಕಣಾಂಬಿ ಕಡೆಯ ಒಬ್ಬ ತಾಯಿಯನ್ನು ಆಟೋದಲ್ಲಿ ಕರೆತಂದರು. ಗ್ರೇವ್ಸ್ ಕಾಯಿಲೆಗೆ ಪೂರ್ತಿ ಗ್ರಂಥಿ ತೆಗೆಸಿಕೊಂಡು ಹಿಂದಿನ ದಿನವಷ್ಟೇ ಮೈಸೂರಿನಿಂದ ಮರಳಿದ್ದಳು. "ಬೆಳಗ್ಗೆಯಿಂದ ತುಟಿ ಸುತ್ತ ಜುಮ್ಮಂತದ, ಬೆರಳು ಜೋಮು ಹಿಡಿದದ" ಅಂದಳು. ಭಯಕ್ಕೆ ಹಾಗಾಗುತ್ತದೆಂದು ಮನೆಯವರು ಕುಂಕುಮ ಹಚ್ಚಿ ಮಾದಪ್ಪನಿಗೆ ಹರಕೆ ಕಟ್ಟಿದ್ದರು. ಭಯಕ್ಕೂ ಹಾಗಾಗುವುದುಂಟು, ಜೋರಾಗಿ ಉಸಿರಾಡಿದರೆ ಬೆರಳು ಜೋಮು ಹಿಡಿಯುತ್ತದೆ. ಆದರೆ ಕತ್ತಿನಲ್ಲಿ ಹೊಸ ಹೊಲಿಗೆ ಇರುವವಳಿಗೆ ಅದನ್ನು ಮೊದಲು ಕ್ಯಾಲ್ಸಿಯಂ ಎಂದೇ ತಿಳಿಯಬೇಕು. ಕಿವಿಯ ಮುಂದೆ ಕೆನ್ನೆಗೆ ಬೆರಳಿಂದ ತಟ್ಟಿದೆ, ಮೇಲ್ದುಟಿ ಸೆಳೆಯಿತು. ಇದು ಕೆಲವು ಆರೋಗ್ಯವಂತರಲ್ಲೂ ಕಾಣುತ್ತದೆ, ಆದ್ದರಿಂದ ಬಿಪಿ ಪಟ್ಟಿ ಕಟ್ಟಿ ಮೇಲಿನ ಅಂಕಿಗಿಂತ ಇಪ್ಪತ್ತು ಜಾಸ್ತಿ ಏರಿಸಿ ಹಿಡಿದೆ. ಮೂರು ನಿಮಿಷ ಹಿಡಿಯಬೇಕು. ಪೂರ್ತಿ ಆಗುವ ಮುಂಚೆಯೇ ಅವಳ ಮಣಿಕಟ್ಟು ಮಡಿಸಿ, ಬೆರಳುಗಳು ನೆಟ್ಟಗೆ ಕೂಡಿಕೊಂಡು, ಹೆಬ್ಬೆರಳು ಅಂಗೈಗೆ ತಿರುಗಿತು.

ಡಾಕ್ಟರು ಬಂದು 10% ಕ್ಯಾಲ್ಸಿಯಂ ಗ್ಲುಕೋನೇಟ್ ಹತ್ತು ಮಿಲಿ ಬರೆದರು. ಅದನ್ನು ಹತ್ತು ನಿಮಿಷ ಹಿಡಿದು ನಿಧಾನಕ್ಕೆ ಕೊಡಬೇಕು, ಇಸಿಜಿ ತೆರೆ ನೋಡುತ್ತ, ಅದಿಲ್ಲದ ಕಡೆ ನಾಡಿಯ ಮೇಲೆ ಬೆರಳಿಟ್ಟು. ಆತುರಪಟ್ಟರೆ ಹೃದಯದ ಬಡಿತ ಕುಂಠಿತವಾಗುತ್ತದೆ. ಸೂಜಿ ಸಿರೆಯಿಂದ ಜಾರಿದರೆ ಚರ್ಮ ಸುಟ್ಟುಹೋಗುತ್ತದೆ. ಅರ್ಧ ಮುಗಿಯುವಷ್ಟರಲ್ಲಿ ಬೆರಳು ಸಡಿಲವಾದವು. ಆದರೆ ಒಂದು ಇಂಜೆಕ್ಷನ್ನಿನ ಫಲ ಕೆಲವೇ ಗಂಟೆ, ಆಮೇಲೆ ಡ್ರಿಪ್ಪು, ಮಾತ್ರೆ, ವಿಟಮಿನ್ ಡಿ, ಮತ್ತೆ ಮತ್ತೆ ರಕ್ತ ಪರೀಕ್ಷೆ ಬೇಕು. ಅದಕ್ಕೇ ಅವಳನ್ನು ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. 2008ರಲ್ಲಿ ಶುರುವಾದ 108 ಆಂಬುಲೆನ್ಸ್ ಆ ಹೊತ್ತಿಗೆ ನಮ್ಮಲ್ಲಿ ಓಡಾಡುತ್ತಿತ್ತು, ಇಲ್ಲದಿದ್ದರೆ ಆ ದಾರಿ ಬಹಳ ಉದ್ದವಾಗುತ್ತಿತ್ತು. ಚಾಮರಾಜನಗರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಎಷ್ಟೋ ರೋಗಿಗಳಿಗೆ ಆ ದಾರಿಯೂ ಮೊಟಕಾಗಿದೆ.

ಅವಳ ಚೀಟಿಯಲ್ಲಿ ಕ್ಯಾಲ್ಸಿಯಂ ಮಾತ್ರೆ ಬರೆದಿತ್ತು. ಅದು ಶಕ್ತಿಗೆ ಎಂದುಕೊಂಡು ಅವಳು ತಿಂದಿರಲಿಲ್ಲ. ಆಮೇಲೆ ನಾನು ಇಂಥವರು ಊರಿಗೆ ಬಂದ ಸುದ್ದಿ ತಿಳಿದರೆ ಆಶಾ ಕಾರ್ಯಕರ್ತೆಯಿಂದ ಮನೆಯವರ ಫೋನ್ ನಂಬರ್ ತೆಗೆದುಕೊಂಡು ಕೇಳುತ್ತಿದ್ದೆ: ತುಟಿ, ಬೆರಳು ಹೇಗಿದೆ, ಕ್ಯಾಲ್ಸಿಯಂ ದಿನಕ್ಕೆಷ್ಟು ಸಲ ನುಂಗಿದಿರಿ.

ಅದೇ ತಾಯಿ ಕೆಲವು ತಿಂಗಳ ಮೇಲೆ ಬೇರೆಯದೇ ರೂಪದಲ್ಲಿ ಬಂದಳು. ಮುಖ ಊದಿತ್ತು, ಮೈ ತಣ್ಣಗಿತ್ತು, ನಾಡಿ ಐವತ್ತೆಂಟು. ಗಾಯ ವಾಸಿಯಾಯಿತೆಂದು ಥೈರಾಕ್ಸಿನ್ ಮಾತ್ರೆ ನಿಲ್ಲಿಸಿದ್ದಳು. ಒಂದು ದಿನ ಬಿಟ್ಟರೆ ಏನೂ ಗೊತ್ತಾಗದಿರುವುದೇ ಈ ಮಾತ್ರೆಯ ತೊಡಕು. ದೇಹದಲ್ಲಿರುವ ಹಾರ್ಮೋನು ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಆದ್ದರಿಂದ ಕಾಯಿಲೆ ವಾರಗಳಾದ ಮೇಲೆ ಮೆಲ್ಲಗೆ ಬರುತ್ತದೆ. ಗ್ರಂಥಿ ಪೂರ್ತಿ ಹೋದವರಿಗೆ ಇದು ಬದುಕಿರುವವರೆಗೂ ತಿನ್ನುವ ಮಾತ್ರೆ. ಚೆಂಡುಹೂ ಕೀಳಲು ನಸುಕಿನಲ್ಲೇ ಹೊಲಕ್ಕೆ ಹೋಗುವವಳು ಅವಳು. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ನೀರಿನಲ್ಲಿ ಥೈರಾಕ್ಸಿನ್ ನುಂಗು, ಟೀ ಅರ್ಧ ಗಂಟೆ ಬಿಟ್ಟು ಕುಡಿ, ಕ್ಯಾಲ್ಸಿಯಂ ಮಾತ್ರೆ ಮಧ್ಯಾಹ್ನದ ಮುದ್ದೆಯ ಜೊತೆ ತಿನ್ನು, ಎರಡಕ್ಕೂ ನಡುವೆ ನಾಲ್ಕು ಗಂಟೆಯಾದರೂ ಇರಲಿ, ಇಲ್ಲದಿದ್ದರೆ ಕ್ಯಾಲ್ಸಿಯಂ ಥೈರಾಕ್ಸಿನ್ನನ್ನು ರಕ್ತಕ್ಕೆ ಸೇರಗೊಡುವುದಿಲ್ಲ ಅಂತ ಹೇಳಿದೆ. ಓದಲು ಬಾರದ ಅವಳಿಗೆ ಥೈರಾಕ್ಸಿನ್ ಡಬ್ಬಿಗೆ ಸೂರ್ಯ, ಕ್ಯಾಲ್ಸಿಯಂ ಡಬ್ಬಿಗೆ ಮುದ್ದೆಯ ಚಿತ್ರ ಬರೆದು ಅಂಟಿಸಿದೆ. ಆರು ವಾರಕ್ಕೆ ಟಿಎಸ್‌ಎಚ್ ಮಾಡಿಸಲು ಬಂದಾಗ ಡಬ್ಬಿಯನ್ನೂ ತಂದಿದ್ದಳು, ನೂರು ಮಾತ್ರೆಯಲ್ಲಿ ಎಷ್ಟು ಉಳಿದಿದೆಯೆಂದು ಇಬ್ಬರೂ ಕೂತು ಎಣಿಸಿದೆವು.